ಮಾತಿಲ್ಲದೆ ಬಂದ ಪ್ರಶ್ನೆಪತ್ರಿಕೆ: ಓದಿಗೆ ಸಹಾಯವೋ, ನಕಲಿಗೆ ದಾರಿಯೋ?

2025ರ ಜೂನ್‌ನಲ್ಲಿ ಚೀನಾದಿಂದ ಒಂದು ಸುದ್ದಿ ಬಂತು. ಅಲ್ಲಿ ಕಾಲೇಜು ಪ್ರವೇಶಕ್ಕೆ ನಡೆಯುವ ಗಾವ್‌ಕಾವ್ ಪರೀಕ್ಷೆಯ ಹೊತ್ತಿನಲ್ಲಿ, ಅಲಿಬಾಬಾ, ಟೆನ್ಸೆಂಟ್ ಮುಂತಾದ ದೊಡ್ಡ ಕಂಪನಿಗಳು ತಮ್ಮ ಎಐ ಆ್ಯಪ್‌ಗಳಲ್ಲಿ ಫೋಟೋ ನೋಡಿ ಉತ್ತರ ಕೊಡುವ ಸೌಲಭ್ಯವನ್ನೇ ನಿಲ್ಲಿಸಿದವು. ಮರುತಿಂಗಳು ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಗೆ ‘ಸ್ಟಡಿ ಮೋಡ್’ ಸೇರಿಸಿತು. ಅದರಲ್ಲಿ ನೇರ ಉತ್ತರ ಸಿಗುವುದಿಲ್ಲ, ಹೆಜ್ಜೆಹೆಜ್ಜೆಯಾಗಿ ಪಾಠ ನಡೆಯುತ್ತದೆ. ಗೂಗಲ್ ಕೂಡ ಆಗಸ್ಟ್‌ನಲ್ಲಿ ಅಂಥದ್ದೇ ಒಂದನ್ನು ತಂದಿತು. ಅದೇ ಗೂಗಲ್ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರ್‌ಗೆ ‘ಹೋಮ್‌ವರ್ಕ್ ಹೆಲ್ಪ್’ ಅನ್ನುವ ಗುಂಡಿ ಹಾಕಿ, ಅಮೆರಿಕದ ಶಿಕ್ಷಕರು ಗಲಾಟೆ ಮಾಡಿದ ಮೇಲೆ ತಡೆಹಿಡಿಯಿತು.

ಒಬ್ಬರು ಬಾಗಿಲು ಹಾಕುತ್ತಾರೆ, ಇನ್ನೊಬ್ಬರು ಪಾಠ ಮಾಡುತ್ತೇವೆ ಅನ್ನುತ್ತಾರೆ, ಮತ್ತೊಬ್ಬರು ಗುಂಡಿ ಕೊಟ್ಟು ಕಿತ್ತುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಮಗನ ಎಸೆಸೆಲ್ಸಿಗೋ ಮಗಳ ಎಂಜಿನಿಯರಿಂಗ್ ಇಂಟರ್ನಲ್ಸ್‌ಗೋ ತಲೆ ಕೆಡಿಸಿಕೊಂಡಿರುವ ಮನೆಯವರಿಗೆ ಇದರಿಂದ ಗೊಂದಲ ಆಗದೆ ಇನ್ನೇನು? ಪ್ರಶ್ನೆಪತ್ರಿಕೆಯ ಫೋಟೋ ಹಾಕುವುದು ತಪ್ಪೋ ಸರಿಯೋ ಅನ್ನುವುದೇ ಯಾರಿಗೂ ಸ್ಪಷ್ಟವಿಲ್ಲ.

ಈ ಗೊಂದಲ ಅತಿ ಹೆಚ್ಚು ಕಾಣುವುದು ಒಂದು ಸಣ್ಣ ಸಂದರ್ಭದಲ್ಲಿ. ವಿದ್ಯಾರ್ಥಿ ಒಂದು ಪ್ರಶ್ನೆಪತ್ರಿಕೆಯ ಫೋಟೋ ತೆಗೆದು ಎಐ ಆ್ಯಪ್‌ಗೆ ಹಾಕುತ್ತಾನೆ. ಜೊತೆಗೆ ಒಂದು ಪದವನ್ನೂ ಬರೆಯುವುದಿಲ್ಲ. ಬಿಡಿಸಿ ಕೊಡು ಅಂತಿಲ್ಲ, ಅರ್ಥ ಮಾಡಿಸು ಅಂತಿಲ್ಲ. ಆ್ಯಪ್ ಮಾಡುವವರು ಇದಕ್ಕೆ ಏನಾದರೂ ಒಂದು ಉತ್ತರ ಮೊದಲೇ ಯೋಚಿಸಿ ಇಡಲೇಬೇಕು. ಆ ಉತ್ತರ ಯಾವುದಿರಬೇಕು ಅನ್ನುವುದು ಈ ಲೇಖನದ ವಿಷಯ.

ಬರೀ ಫೋಟೋ ಯಾಕೆ ಕಳಿಸುತ್ತಾರೆ?

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ಏನೂ ಬರೆಯದೆ ಕಳಿಸಿದ ಅಂದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ಅನ್ನಿಸಬಹುದು. ಆದರೆ ನಮ್ಮ ಮಕ್ಕಳು ವಾಟ್ಸಾಪ್‌ನಲ್ಲಿ ಟ್ಯೂಷನ್ ಸರ್‌ಗೆ ಡೌಟ್ ಕಳಿಸುವುದೂ ಹೀಗೆಯೇ. ಫೋಟೋ ಹಾಕಿ ಸುಮ್ಮನಾಗುತ್ತಾರೆ. ಗಣಿತದ ಸಮೀಕರಣ, ರಸಾಯನಶಾಸ್ತ್ರದ ರಚನೆ, ಸರ್ಕ್ಯೂಟ್ ಚಿತ್ರ ಇವನ್ನು ಟೈಪ್ ಮಾಡುವುದು ಕಷ್ಟ. ಕನ್ನಡ ಮಾಧ್ಯಮದ ಹುಡುಗನಿಗೆ ಕನ್ನಡದಲ್ಲಿ ಟೈಪ್ ಮಾಡುವುದು ನಿಧಾನ, ಇಂಗ್ಲಿಷ್‌ನಲ್ಲಿ ಕೇಳಲು ಅಂಜಿಕೆ. ಫೋಟೋ ಹಾಕಿದರೆ ಕೇಳಿದ ಹಾಗೇ ಅಂತ ಅವನ ಲೆಕ್ಕ.

ಹಾಗಾದರೆ ಆ ಮೌನದ ಹಿಂದೆ ಯಾರಿರಬಹುದು? ನಾಳೆ ಪರೀಕ್ಷೆ ಇಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಎಲ್ಲೋ ಸಿಕ್ಕಿಕೊಂಡವನಿರಬಹುದು. ಪರೀಕ್ಷೆ ಮುಗಿಸಿ ಬಸ್ಸಿನಲ್ಲಿ ಕೂತು ಎಷ್ಟು ಮಾರ್ಕ್ಸ್ ಬರಬಹುದು ಅಂತ ತಾಳೆ ನೋಡುತ್ತಿರುವವಳಿರಬಹುದು. ಈ ಬಗೆಯವರು ತುಂಬಾ ಜನ, ಯಾಕೆಂದರೆ ಪರೀಕ್ಷೆ ಮುಗಿದ ಗಂಟೆಯೇ ಪ್ರಶ್ನೆಪತ್ರಿಕೆಯ ಬಗ್ಗೆ ಅತಿ ಹೆಚ್ಚು ಕುತೂಹಲ ಇರುವ ಗಂಟೆ. ಮಗನಿಗೆ ಯಾವ ಪಾಠ ಬರುತ್ತಿಲ್ಲ ಅಂತ ನೋಡುತ್ತಿರುವ ತಾಯಿ ಇರಬಹುದು. ಅದೇ ಮಾದರಿಯಲ್ಲಿ ಹೊಸ ಪ್ರಶ್ನೆಪತ್ರಿಕೆ ತಯಾರಿಸಬೇಕಾದ ಮೇಷ್ಟ್ರೂ ಇರಬಹುದು. ಮತ್ತೆ ಹೌದು, ಪರೀಕ್ಷೆ ಬರೆಯುತ್ತಲೇ ಇರುವವನೂ ಇರಬಹುದು.

ಇವರೆಲ್ಲರ ಫೋಟೋ ಒಂದೇ ಥರ ಕಾಣುತ್ತದೆ. ಮೌನ ತಪ್ಪಿನ ಗುರುತಲ್ಲ. ಅಲ್ಲಿ ಮಾಹಿತಿ ಕಡಿಮೆ ಇದೆ, ಅಷ್ಟೇ.

ಹಾಳೆಯೇ ಏನಾದರೂ ಹೇಳುತ್ತದಾ?

ಸ್ವಲ್ಪ ಹೇಳುತ್ತದೆ, ಆದರೆ ನಾವಂದುಕೊಂಡಷ್ಟಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನ ಪ್ರಶ್ನೆಪತ್ರಿಕೆಯನ್ನೇ ನೋಡಿ. ಮೇಲೆ ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಬರೆಯಲು ಚೌಕಗಳು, ಪಕ್ಕದಲ್ಲಿ ವಿಷಯದ ಕೋಡ್, ಕೆಳಗೆ ಯಾವ ಸೆಮಿಸ್ಟರ್ ಅನ್ನುವ ಸಾಲು. ದಿನಾಂಕದ ಜಾಗದಲ್ಲಿ ‘Dec.2023/Jan.2024’ ಎಂಬಂತೆ ತಿಂಗಳು ಮಾತ್ರ ಇರುತ್ತದೆ. ಅಂಚಿನಲ್ಲಿ ಅಡ್ಡಡ್ಡವಾಗಿ, ಖಾಲಿ ಪುಟಗಳಿಗೆ ಗೆರೆ ಎಳೆಯಿರಿ, ಗುರುತು ಬಿಟ್ಟುಕೊಟ್ಟರೆ ಅದು ಮಾಲ್‌ಪ್ರಾಕ್ಟೀಸ್ ಅನ್ನುವ ಎಚ್ಚರಿಕೆ. ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಇದು ಗೊತ್ತು.

ಈಗ ಆ ಚೌಕಗಳಲ್ಲಿ ಯುಎಸ್‌ಎನ್ ತುಂಬಿರುವ ಫೋಟೋ ಬಂತು ಅಂದುಕೊಳ್ಳಿ. ಎರಡು ಪ್ರಶ್ನೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಬೇರೆ ಇದೆ. ಪರೀಕ್ಷಾ ಕೊಠಡಿಯಿಂದಲೇ ಬಂತು ಅಂತ ಹೇಳಿಬಿಡಬಹುದಾ? ಇಲ್ಲ. ಪ್ರಶ್ನೆಪತ್ರಿಕೆಯ ಮೇಲೆ ಯುಎಸ್‌ಎನ್ ಬರೆಯುವುದು ಎಲ್ಲರಿಗೂ ಇರುವ ನಿಯಮ, ಆಮೇಲೆ ಆ ಹಾಳೆ ಮನೆಗೆ ಬರುತ್ತದೆ. ಅಂದರೆ ಆ ಗುರುತುಗಳು ಹಾಳೆ ಒಮ್ಮೆ ಕೊಠಡಿಯಲ್ಲಿತ್ತು ಅಂತ ಹೇಳುತ್ತವೆ, ಈಗಲೂ ಅಲ್ಲೇ ಇದೆ ಅಂತ ಹೇಳುವುದಿಲ್ಲ.

ಫೋಟೋ ತೆಗೆದ ಸಮಯ ನೋಡಬಹುದಲ್ಲ ಅಂತ ಕೇಳುವವರಿದ್ದಾರೆ. ಫೋನಿನ ಕ್ಯಾಮೆರಾ ಫೋಟೋದ ಫೈಲಿನೊಳಗೆ ಸಮಯ ಬರೆದಿಡುತ್ತದೆ ನಿಜ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ. ಅಳಿಸದೇ ಇದ್ದರೂ, ಮೂರು ವರ್ಷ ಹಳೆಯ ಹಾಳೆಯ ಫೋಟೋವನ್ನು ಇವತ್ತು ತೆಗೆದರೆ ಅದರಲ್ಲಿ ಇವತ್ತಿನ ಸಮಯವೇ ಇರುತ್ತದೆ.

ಎಸೆಸೆಲ್ಸಿ ಬೋರ್ಡ್ ಪ್ರಶ್ನೆಪತ್ರಿಕೆಯಲ್ಲಿ ದಿನಾಂಕ, ಸಮಯ ಎರಡೂ ಅಚ್ಚಾಗಿರುತ್ತವೆ. ಅದರಲ್ಲಿರುವ ದಿನವೇ ಇವತ್ತು, ಅದರಲ್ಲಿರುವ ಸಮಯದ ಒಳಗೇ ಫೋಟೋ ಬಂದಿದೆ ಅಂದರೆ ಅದು ಗಟ್ಟಿ ಸೂಚನೆ. ಹಾಗೆ ಬಂದಾಗ ಕಳಿಸಿದವನು ಕೊಠಡಿಯೊಳಗಿನ ವಿದ್ಯಾರ್ಥಿ ಆಗಿರುವುದು ಕಮ್ಮಿ, ಯಾಕೆಂದರೆ ಅಲ್ಲಿಗೆ ಫೋನ್ ಒಯ್ಯುವಂತಿಲ್ಲ. ಹೇಗೋ ಹೊರಬಿದ್ದ ಹಾಳೆಯ ಫೋಟೋ ಇಟ್ಟುಕೊಂಡು ಚೀಟಿ ತಯಾರಿಸುತ್ತಿರುವ ಹೊರಗಿನವನೇ ಆಗಿರಬಹುದು.

ಇವೆಲ್ಲಕ್ಕಿಂತ ಸ್ಪಷ್ಟವಾದ ಸೂಚನೆ ಹಾಳೆಯಲ್ಲಿಲ್ಲ, ಸ್ಕ್ರೀನ್‌ಶಾಟ್‌ನಲ್ಲಿದೆ. ಕಾಲೇಜಿನ ಆನ್‌ಲೈನ್ ಕ್ವಿಜ್‌ನ ಪರದೆ, ಇಪ್ಪತ್ತರಲ್ಲಿ ಏಳನೇ ಪ್ರಶ್ನೆ, ಮೂಲೆಯಲ್ಲಿ ಇಳಿಯುತ್ತಿರುವ ಟೈಮರ್, ಕೆಳಗೆ ಇನ್ನೂ ಒತ್ತದ ‘Submit’ ಗುಂಡಿ. ಇಷ್ಟು ಕಂಡರೆ ಪರೀಕ್ಷೆ ನಡೆಯುತ್ತಿದೆ ಅಂತ ಹೇಳಲು ಬೇರೆ ಸಾಕ್ಷಿ ಬೇಡ. ಅದು ಅಂಕಕ್ಕೆ ಲೆಕ್ಕವಿಲ್ಲದ ಅಭ್ಯಾಸದ ಕ್ವಿಜ್ ಆಗಿರಬಹುದು ಅನ್ನುವ ಸಾಧ್ಯತೆ ಮಾತ್ರ ಉಳಿಯುತ್ತದೆ. ಅದನ್ನು ಒಂದು ಪ್ರಶ್ನೆ ಕೇಳಿ ತಿಳಿದುಕೊಳ್ಳಬಹುದು.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದಿಲ್ಲ. ಒಂದೇ ಪೂರ್ವಸಿದ್ಧತಾ ಪ್ರಶ್ನೆಪತ್ರಿಕೆಯನ್ನು ಎರಡು ಶಾಲೆಗಳು ಬೇರೆ ಬೇರೆ ದಿನ ಕೊಟ್ಟರೆ, ಒಬ್ಬನಿಗೆ ಮುಗಿದ ಪರೀಕ್ಷೆ ಇನ್ನೊಬ್ಬನಿಗೆ ನಾಳೆಯ ಪರೀಕ್ಷೆ. ಹಾಳೆ ನೋಡಿದ ಯಾರಿಗೂ ಇದು ಗೊತ್ತಾಗುವುದು ಸಾಧ್ಯವೇ ಇಲ್ಲ.

ಚೀನಾದ ದಾರಿ ಇಲ್ಲಿ ಯಾಕೆ ನಡೆಯುವುದಿಲ್ಲ

ಚೀನಾದ ಕಂಪನಿಗಳು ಮಾಡಿದ್ದು ಒಂದು ರೀತಿಯಲ್ಲಿ ಸರಳ. ಗಾವ್‌ಕಾವ್ ಇಡೀ ದೇಶಕ್ಕೆ ಒಂದೇ ವಾರದಲ್ಲಿ, ಜೂನ್ 7ರಿಂದ ಹೆಚ್ಚೆಂದರೆ ನಾಲ್ಕು ದಿನ ನಡೆಯುತ್ತದೆ. ಆ ಗಂಟೆಗಳಲ್ಲಿ ಫೋಟೋ ಸೌಲಭ್ಯ ನಿಲ್ಲಿಸಿದರೆ ಕೆಲಸ ಮುಗಿಯಿತು. ಯಾರು ಪ್ರಾಮಾಣಿಕ, ಯಾರು ಅಲ್ಲ ಅಂತ ಊಹಿಸುವ ತಲೆನೋವೇ ಇಲ್ಲ.

ನಮ್ಮ ಎಸೆಸೆಲ್ಸಿಗೆ ಇದೇ ಉಪಾಯ ಅರ್ಧ ಒಪ್ಪುತ್ತದೆ. ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿ ಇರುತ್ತದೆ. ಆದರೆ 2024ರಿಂದ ಪರೀಕ್ಷೆ 1, ಪರೀಕ್ಷೆ 2 ಅಂತ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶ ಬಂದಿದೆ. ಪರೀಕ್ಷೆ 2ಕ್ಕೆ ಕೂತವನಿಗೆ ಪರೀಕ್ಷೆ 1ರ ಪ್ರಶ್ನೆಪತ್ರಿಕೆಯೇ ಒಳ್ಳೆಯ ಓದಿನ ಸಾಮಗ್ರಿ. ಪಿಯುಸಿಗೂ ಹೀಗೇ. ಇದರ ಮೇಲೆ ಕಾಲೇಜುಗಳ ಇಂಟರ್ನಲ್ಸ್ ಇವೆ. ಬೆಂಗಳೂರಿನಲ್ಲಿ ಸೆಮಿಸ್ಟರ್ ನಡೆಯುವಾಗ ಯಾವ ವಾರದ ದಿನ ನೋಡಿದರೂ ಯಾವುದೋ ಒಂದು ಕಾಲೇಜಿನಲ್ಲಿ ಟೆಸ್ಟ್ ಇದ್ದೇ ಇರುತ್ತದೆ. ಗಡಿಯಾರ ನೋಡಿ ಬಾಗಿಲು ಹಾಕುತ್ತೇವೆ ಅಂದರೆ ವರ್ಷವಿಡೀ ಹಾಕಿಯೇ ಇಡಬೇಕಾಗುತ್ತದೆ.

ಅಮೆರಿಕದ ಚೆಗ್ ಅನ್ನುವ ಉತ್ತರ ಕೊಡುವ ಕಂಪನಿ 2021ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರಾಧ್ಯಾಪಕರು ಪರೀಕ್ಷೆಗೆ ಮೊದಲೇ ತಮ್ಮ ಪ್ರಶ್ನೆಗಳನ್ನು ಕಂಪನಿಗೆ ಕೊಟ್ಟರೆ, ಆ ಹೊತ್ತಿನಲ್ಲಿ ಅವಕ್ಕೆ ಉತ್ತರ ಸಿಗದ ಹಾಗೆ ತಡೆಯುವ ವ್ಯವಸ್ಥೆ ಅದು. ಕೇಳಲು ಚೆನ್ನಾಗಿದೆ. ಆದರೆ 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಮ್ಮೆ ಅಲ್ಲ, ಎರಡು ಸಲ ಸೋರಿಕೆಯಾಗಿ, ಮಕ್ಕಳು ಏಪ್ರಿಲ್‌ವರೆಗೂ ಕಾದು ಮೂರನೇ ಸಲಕ್ಕೆ ಪರೀಕ್ಷೆ ಬರೆದ ರಾಜ್ಯ ನಮ್ಮದು. ಪ್ರಶ್ನೆಪತ್ರಿಕೆಯನ್ನು ಮುಂಚೆಯೇ ಇನ್ನೊಬ್ಬರ ಕೈಗೆ ಕೊಡಿ ಅಂದರೆ ಇಲ್ಲಿ ಯಾವ ಬೋರ್ಡ್ ಒಪ್ಪೀತು?

ಮೂರು ಕಡೆಯ ವಾದ

ಶಿಕ್ಷಕರಲ್ಲಿ ಹಲವರು ಹೇಳುವುದು: ಪ್ರಶ್ನೆಪತ್ರಿಕೆ ಕಂಡರೆ ಉತ್ತರವೇ ಕೊಡಬಾರದು. ಅವರ ಸಿಟ್ಟಿಗೆ ಕಾರಣವಿದೆ. ಇಡೀ ತರಗತಿಯ ಅಸೈನ್‌ಮೆಂಟ್ ಒಂದೇ ಧಾಟಿಯಲ್ಲಿ ಬಂದು ಕೂತಾಗ ಮೌಲ್ಯಮಾಪನ ಅನ್ನುವುದು ನಾಟಕ ಅನ್ನಿಸುತ್ತದೆ. ಆದರೆ ಈ ವಾದ ನಮ್ಮ ಓದಿನ ಪದ್ಧತಿಗೇ ಅಡ್ಡ ಬರುತ್ತದೆ. ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದೇ ಇಲ್ಲಿ ಪರೀಕ್ಷಾ ತಯಾರಿಯ ಬೆನ್ನೆಲುಬು. ಮಲ್ಲೇಶ್ವರದಲ್ಲಿರುವ ಪರೀಕ್ಷಾ ಮಂಡಳಿಯೇ ಮಾದರಿ ಪ್ರಶ್ನೆಪತ್ರಿಕೆಗಳನ್ನು ವೆಬ್‌ಸೈಟ್‌ನಲ್ಲಿ ಹಾಕುತ್ತದೆ, ಪರೀಕ್ಷೆ ಆದ ಮೇಲೆ ಕೀ ಉತ್ತರವನ್ನೂ ಹಾಕುತ್ತದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರಶ್ನೆಗಳಿಗೆ ಉತ್ತರ ಬರೆದ ‘ಸ್ಕ್ಯಾನರ್’ ಪುಸ್ತಕಗಳು ವರ್ಷಗಳಿಂದ ಮಾರಾಟವಾಗುತ್ತಿವೆ. ಪುಸ್ತಕದಲ್ಲಿ ತಪ್ಪಲ್ಲದ್ದು ಫೋನಿನಲ್ಲಿ ಹೇಗೆ ತಪ್ಪಾಗುತ್ತದೆ?

ಇನ್ನೊಂದು ಕಡೆಯವರು ಹೇಳುವುದು: ಕೇಳಿದವನಿಗೆ ಕೊಡಿ, ಪ್ರಾಮಾಣಿಕತೆ ಅವನ ಜವಾಬ್ದಾರಿ. ಇದು ಕಂಪನಿಗಳಿಗೆ ಹಿಡಿಸುವ ವಾದ, ಯಾಕೆಂದರೆ ಪೂರ್ತಿ ಉತ್ತರ ಕೊಡುವ ಆ್ಯಪ್‌ಗೇ ಜನ ಜಾಸ್ತಿ. ಇಲ್ಲಿ ಒಂದು ಹುಳುಕಿದೆ. ಫೋಟೋ ಹಾಕಿದವನು ಪೂರ್ತಿ ಉತ್ತರ ಕೇಳಿಯೇ ಇಲ್ಲ. ಕೇಳದೇ ಇದ್ದದ್ದನ್ನು ಕೇಳಿದ ಅಂತ ಊಹಿಸಿ ನಲವತ್ತು ಪ್ರಶ್ನೆಗೂ ಉತ್ತರ ಸುರಿಯುವುದು ಆ್ಯಪ್‌ನ ಆಯ್ಕೆ. ಅದನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದು ಸರಿಯಲ್ಲ.

ಮೂರನೆಯದು ಮನೆಯವರ ಮಾತು, ನನಗೆ ಹೆಚ್ಚು ತೂಕದ್ದು ಅನ್ನಿಸುವುದೂ ಇದೇ. ಜಯನಗರದಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುವ ಹುಡುಗಿ ಅದೇ ಪ್ರಶ್ನೆಪತ್ರಿಕೆಯನ್ನು ಸರ್ ಮುಂದೆ ಇಟ್ಟರೆ ಅದು ಓದು. ಪೀಣ್ಯದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುವ ಅಪ್ಪನ ಮಗ ಅದನ್ನೇ ಫೋನಿಗೆ ಹಾಕಿದರೆ ಅನುಮಾನ. ಎಲ್ಲ ಪ್ರಶ್ನೆಪತ್ರಿಕೆಗೂ ಬಾಗಿಲು ಹಾಕಿದರೆ ಪೆಟ್ಟು ಬೀಳುವುದು ಬೇರೆ ದಾರಿ ಇಲ್ಲದವನಿಗೆ.

ಒಂದೇ ಲೆಕ್ಕ, ಎರಡು ಬಗೆಯ ಸಹಾಯ

ಮಾತು ಗಾಳಿಯಲ್ಲಿ ಉಳಿಯದಿರಲಿ. ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠದಿಂದ ಬರುವಂಥ ನಾಲ್ಕು ಅಂಕದ ಪ್ರಶ್ನೆ ಒಂದನ್ನು ತೆಗೆದುಕೊಳ್ಳೋಣ. ಒಂದು ಬಸ್ಸು ಬೆಂಗಳೂರಿನಿಂದ 180 ಕಿ.ಮೀ. ದೂರದ ಹಾಸನಕ್ಕೆ ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 15 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗ ಎಷ್ಟು?

ವೇಗವನ್ನು x ಅಂದುಕೊಂಡರೆ ಮೊದಲಿನ ಸಮಯ 180/x, ಹೊಸ ಸಮಯ 180/(x+15). ಎರಡರ ವ್ಯತ್ಯಾಸ ಒಂದು ಗಂಟೆ.

```
180/x − 180/(x+15) = 1
x² + 15x − 2700 = 0
(x + 60)(x − 45) = 0
x = 45
```

ವೇಗ ಋಣ ಸಂಖ್ಯೆ ಆಗುವಂತಿಲ್ಲ, ಹಾಗಾಗಿ 45. ತಾಳೆ ನೋಡಿದರೆ, 45ರಲ್ಲಿ ನಾಲ್ಕು ಗಂಟೆ, 60ರಲ್ಲಿ ಮೂರು ಗಂಟೆ. ಸರಿಯಾಗಿದೆ.

ಈ ನಾಲ್ಕು ಸಾಲನ್ನು ನೇರವಾಗಿ ಕೊಟ್ಟರೆ ಏನಾಗುತ್ತದೆ? ಪರೀಕ್ಷೆಯಲ್ಲಿ ಕೂತವನಿಗೆ ಅದು ನಾಲ್ಕು ಅಂಕ. ಅಭ್ಯಾಸ ಮಾಡುತ್ತಿರುವವನಿಗೆ ಓದಿದಾಗ ಎಲ್ಲವೂ ಸರಿ ಅನ್ನಿಸುತ್ತದೆ, ಆದರೆ ತಾನು ಎಲ್ಲಿ ತಪ್ಪುತ್ತಿದ್ದೆ ಅನ್ನುವುದು ಹಾಗೇ ಉಳಿದಿರುತ್ತದೆ.

ಈಗ ಇನ್ನೊಂದು ಫೋಟೋ. ಅದೇ ಪ್ರಶ್ನೆ, ಕೆಳಗೆ ವಿದ್ಯಾರ್ಥಿಯ ಕೈಬರಹದಲ್ಲಿ ಅರ್ಧ ಲೆಕ್ಕ. ಅವನು ಬರೆದದ್ದು 180/(x+15) − 180/x = 1. ಅಲ್ಲಿಂದ ಬಿಡಿಸುತ್ತಾ ಹೋಗಿ x² + 15x + 2700 = 0 ಅನ್ನುವಲ್ಲಿಗೆ ಬಂದಿದ್ದಾನೆ. ಶೋಧಕ ತೆಗೆದರೆ 225 − 10800, ಅಂದರೆ ಋಣ ಸಂಖ್ಯೆ. ವಾಸ್ತವ ಮೂಲಗಳೇ ಇಲ್ಲ. ಅಲ್ಲಿಗೆ ಪೆನ್ನು ನಿಂತಿದೆ.

ಈ ಹುಡುಗನಿಗೆ ವರ್ಗ ಸಮೀಕರಣ ಬಿಡಿಸಲು ಚೆನ್ನಾಗಿ ಬರುತ್ತದೆ. ಅವನು ಎಡವಿದ್ದು ಮೊದಲ ಸಾಲಿನಲ್ಲಿ. ವೇಗ ಹೆಚ್ಚಾದರೆ ಸಮಯ ಕಮ್ಮಿಯಾಗುತ್ತದೆ, ಹಾಗಾಗಿ ದೊಡ್ಡದರಿಂದ ಚಿಕ್ಕದನ್ನು ಕಳೆಯಲು 180/x ಮೊದಲು ಬರಬೇಕು. ಅವನಿಗೆ x+15 ದೊಡ್ಡದಾಗಿ ಕಂಡಿತು, ಅದನ್ನೇ ಮೊದಲು ಬರೆದ. ಇವನಿಗೆ ಬೇಕಾದದ್ದು ಒಂದೇ ಮಾತು: ಯಾವ ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ನೋಡು. ಉಳಿದದ್ದನ್ನು ಅವನೇ ಮಾಡುತ್ತಾನೆ. ಬೋರ್ಡ್ ಮೌಲ್ಯಮಾಪನದಲ್ಲಿ ಹಂತ ಹಂತಕ್ಕೂ ಅಂಕ ಇರುವುದರಿಂದ, ಎಲ್ಲಿ ಎಡವಿದ ಅಂತ ಗೊತ್ತಾಗುವುದು ಅಂಕದ ದೃಷ್ಟಿಯಿಂದಲೂ ಲಾಭ.

ಪ್ರಾಮಾಣಿಕ ಓದಿನ ಸುಳಿವು ಸಿಗುವುದು ಇಂಥ ಕಡೆ. ಸ್ವಂತ ಪ್ರಯತ್ನ ಕಂಡರೆ ಸಹಾಯ ಅದಕ್ಕೆ ಅಂಟಿಕೊಳ್ಳಬಹುದು. ಹಾಗಂತ ಪ್ರಯತ್ನ ಕಾಣದ ಬರೀ ಹಾಳೆ ಅಪ್ರಾಮಾಣಿಕ ಅಂತಲ್ಲ. ಪ್ರಯತ್ನ ಇನ್ನೊಂದು ನೋಟ್‌ಬುಕ್‌ನಲ್ಲಿರಬಹುದು.

ಊಹೆ ತಪ್ಪಿದರೆ ಯಾರಿಗೆ ಎಷ್ಟು ನಷ್ಟ?

ಯಾರು ಕಳಿಸಿದರು ಅಂತ ಖಚಿತವಾಗಿ ಗೊತ್ತಾಗದಿದ್ದಾಗ, ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ನೋಡಬೇಕು. ಪೂರ್ತಿ ಉತ್ತರ ಕೊಟ್ಟುಬಿಟ್ಟೆವು, ಅವನು ಪರೀಕ್ಷೆಯಲ್ಲಿದ್ದ ಅಂದರೆ, ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಪಕ್ಕದ ಬೆಂಚಿನಲ್ಲಿ ಸ್ವಂತವಾಗಿ ಬರೆದವಳಿಗೂ ಅನ್ಯಾಯ. ಪೂರ್ತಿ ನಿರಾಕರಿಸಿದೆವು, ಅವನು ಹಳೇ ಪ್ರಶ್ನೆಪತ್ರಿಕೆ ಓದುತ್ತಿದ್ದ ಅಂದರೆ, ಕಳ್ಳ ಅನ್ನಿಸಿಕೊಂಡ ಹುಡುಗ ಬೇರೆ ಆ್ಯಪ್ ಹುಡುಕಿಕೊಂಡು ಹೋಗುತ್ತಾನೆ. ಮತ್ತೆ ಬರುವುದಿಲ್ಲ.

ಇವೆರಡರ ನಡುವೆ ಒಂದು ದಾರಿ ಇದೆ. ಆ ದಾರಿ ಚೆನ್ನಾಗಿ ಕೆಲಸ ಮಾಡಲು ಕಾರಣ ಸಮಯ. ಪ್ರಶ್ನೆಪತ್ರಿಕೆ ಬಂದ ಕೂಡಲೇ ಆ್ಯಪ್ ಯಾವ ಪಾಠಗಳಿಂದ ಪ್ರಶ್ನೆ ಬಂದಿವೆ ಅಂತ ಎರಡು ಸಾಲಿನಲ್ಲಿ ಹೇಳಿ, ಇದು ಅಭ್ಯಾಸಕ್ಕೋ, ಮುಗಿದ ಪರೀಕ್ಷೆಯೋ, ಯಾವ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿರಿ ಅಂತ ವಿಚಾರಿಸಿದರೆ, ಓದುವವನಿಗೆ ಹಿಡಿಯುವುದು ಹತ್ತು ಸೆಕೆಂಡು. ಅವನು ಹದಿನೇಳನೇ ಪ್ರಶ್ನೆ ಅಂತ ಬರೆಯುತ್ತಾನೆ, ಪಾಠ ಶುರುವಾಗುತ್ತದೆ. ಟೈಮರ್ ಓಡುತ್ತಿರುವವನಿಗೆ ಅದೇ ವಿಚಾರಣೆ, ಆಮೇಲೆ ಒಂದೊಂದೇ ಪ್ರಶ್ನೆ, ಪ್ರತಿ ಪ್ರಶ್ನೆಗೆ ಮೊದಲು ಸುಳಿವು ಅಂದರೆ ದುಬಾರಿ. ಮೂವತ್ತು ನಿಮಿಷದ ಟೆಸ್ಟ್‌ನಲ್ಲಿ ಹೀಗೆ ಇಪ್ಪತ್ತು ಪ್ರಶ್ನೆ ಮುಗಿಯುವುದಿಲ್ಲ. ಯಾರನ್ನೂ ಕಳ್ಳ ಅನ್ನದೆ, ಕಲಿಯುವವನಿಗೆ ಅಗ್ಗವಾಗಿ ಕದಿಯುವವನಿಗೆ ದುಬಾರಿಯಾಗಿ ಇರುವ ಉತ್ತರ ಇದು.

ಹಳೇ ಬೋರ್ಡ್ ಪ್ರಶ್ನೆಪತ್ರಿಕೆ ಅಂತ ಸ್ಪಷ್ಟವಾಗಿದ್ದು, ವಿದ್ಯಾರ್ಥಿ ಪೂರ್ತಿ ಉತ್ತರ ಬೇಕು ಅಂತ ಬಾಯಿಬಿಟ್ಟು ಕೇಳಿದರೆ ಕೊಡುವುದರಲ್ಲಿ ತಪ್ಪಿಲ್ಲ. ಕೀ ಉತ್ತರ ಹೇಗೂ ಮಂಡಳಿಯ ವೆಬ್‌ಸೈಟ್‌ನಲ್ಲೇ ಇದೆ. ಓಡುತ್ತಿರುವ ಟೈಮರ್ ಕಂಡರೆ, ಇಲ್ಲವೇ ಹಾಳೆಯ ಮೇಲಿನ ಗಂಟೆಯೂ ಈಗಿನ ಗಂಟೆಯೂ ಒಂದೇ ಆಗಿದ್ದರೆ, ಪರೀಕ್ಷೆ ಮುಗಿದ ಮೇಲೆ ನೋಡೋಣ ಅಂತ ನಯವಾಗಿ ನಿಲ್ಲಿಸಬೇಕು. ಉಳಿದ ದೊಡ್ಡ ನಡುಭಾಗಕ್ಕೆ ಈ ವಿಚಾರಿಸುವ ದಾರಿ.

ಪೂರ್ತಿ ಉತ್ತರದಿಂದ ಕಲಿಕೆಗೇ ಏಟು ಬೀಳುತ್ತದೆಯೇ?

ಇದಕ್ಕೆ ಬರೀ ಅಭಿಪ್ರಾಯವಲ್ಲ, ಒಂದು ಒಳ್ಳೆಯ ಪ್ರಯೋಗವೇ ಇದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆದದ್ದು, 2025ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಡುವ ಎಐ. ಇನ್ನೊಂದು ಗುಂಪಿಗೆ, ಶಿಕ್ಷಕರು ಬರೆದುಕೊಟ್ಟ ಸುಳಿವು ಮತ್ತು ಸಾಮಾನ್ಯ ತಪ್ಪುಗಳನ್ನು ಇಟ್ಟುಕೊಂಡು, ಉತ್ತರ ಬಿಟ್ಟುಕೊಡದೆ ದಾರಿ ತೋರಿಸುವ ಎಐ. ಮೂರನೇ ಗುಂಪಿಗೆ ಪುಸ್ತಕ ಮತ್ತು ನೋಟ್ಸ್ ಮಾತ್ರ.

ಅಭ್ಯಾಸದ ಹೊತ್ತಿನಲ್ಲಿ ನೇರ ಉತ್ತರದ ಗುಂಪು ಪುಸ್ತಕದ ಗುಂಪಿಗಿಂತ 48 ಶೇಕಡಾ ಮುಂದಿತ್ತು, ಸುಳಿವಿನ ಗುಂಪು 127 ಶೇಕಡಾ ಮುಂದಿತ್ತು. ಆಮೇಲೆ ಎಲ್ಲ ಸಹಾಯ ತೆಗೆದು ಪರೀಕ್ಷೆ ಕೊಟ್ಟರು. ನೇರ ಉತ್ತರದ ಗುಂಪು ಪುಸ್ತಕದವರಿಗಿಂತ 17 ಶೇಕಡಾ ಹಿಂದೆ ಬಿತ್ತು. ಸುಳಿವಿನ ಗುಂಪು ಹಿಂದೆ ಬೀಳಲಿಲ್ಲ, ಆದರೆ ಮುಂದೆಯೂ ಹೋಗಲಿಲ್ಲ, ಪುಸ್ತಕದವರ ಸಮಕ್ಕೆ ಬಂತು. ಸ್ಟಡಿ ಮೋಡ್ ಜಾಹೀರಾತು ಮಾಡುವವರು ಈ ಕೊನೆಯ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ ಬಿಡಿ.

ಹಿಂದೆ ಬಿದ್ದವರಿಗೆ ತಾವು ಕಮ್ಮಿ ಕಲಿತೆವು ಅನ್ನುವುದೇ ಗೊತ್ತಿರಲಿಲ್ಲ. ಅಭ್ಯಾಸ ಸರಾಗವಾಗಿ ನಡೆದಿತ್ತಲ್ಲ, ಹಾಗಾಗಿ. ಅಂದರೆ ಪೂರ್ತಿ ಉತ್ತರ ಸುರಿಯುವ ಅಭ್ಯಾಸದಿಂದ ನಷ್ಟ ನಕಲು ಮಾಡುವವನಿಗಷ್ಟೇ ಅಲ್ಲ, ಪ್ರಾಮಾಣಿಕವಾಗಿ ರಾತ್ರಿ ಕೂತು ಓದುವವನಿಗೂ ಇದೆ. ಬಸ್ಸಿನ ಲೆಕ್ಕದಲ್ಲಿ ಎಡವಿದ ಹುಡುಗ ಮತ್ತೆ ಅಲ್ಲೇ ಎಡವುತ್ತಾನೆ.

ಈ ದಾರಿ ಎಲ್ಲಿ ಕೈಕೊಡುತ್ತದೆ

ಸಮಯದ ಒತ್ತಡ ಇಲ್ಲದ ಕಡೆ. ಮನೆಗೆ ಕೊಟ್ಟ ಅಸೈನ್‌ಮೆಂಟ್, ವಾರದ ಗಡುವಿನ ಪ್ರಾಜೆಕ್ಟ್ ವರದಿ, ಲ್ಯಾಬ್ ರೆಕಾರ್ಡ್ ಇವುಗಳಿಗೆ ಹತ್ತು ಸೆಕೆಂಡಿನ ವಿಚಾರಣೆ ಲೆಕ್ಕಕ್ಕೇ ಇಲ್ಲ. ಅಭ್ಯಾಸಕ್ಕೆ ಅಂತ ಸುಳ್ಳು ಹೇಳಿದರೆ ಪರೀಕ್ಷಿಸುವ ದಾರಿಯೂ ಇಲ್ಲ. ಒಂದು ಆ್ಯಪ್ ಕೊಡದಿದ್ದರೆ ಇನ್ನೊಂದು ಕೊಡುತ್ತದೆ. ಬರೆದಾದ ಮೇಲೆ ಪತ್ತೆ ಹಚ್ಚೋಣ ಅಂದರೆ ಅದೂ ನಂಬಿಕೆಗೆ ಅರ್ಹವಲ್ಲ. ಎಐ ಬರೆದದ್ದೋ ಮನುಷ್ಯರು ಬರೆದದ್ದೋ ಅಂತ ಹೇಳುವ ತನ್ನದೇ ಸಾಧನವನ್ನು ಓಪನ್‌ಎಐ 2023ರ ಜುಲೈನಲ್ಲಿ, ನಿಖರತೆ ಸಾಲದು ಅಂತ ಹಿಂತೆಗೆದುಕೊಂಡಿತು.

ಕಾನೂನೂ ಇಷ್ಟು ಕೆಳಗೆ ಇಳಿಯುವುದಿಲ್ಲ. ಪರೀಕ್ಷಾ ಅಕ್ರಮ ತಡೆಯಲು 2024ರಲ್ಲಿ ಜಾರಿಗೆ ಬಂದ ಕೇಂದ್ರದ ಕಾಯ್ದೆ ಯುಪಿಎಸ್‌ಸಿ, ರೈಲ್ವೆ, ಎನ್‌ಟಿಎಯಂಥ ಸಂಸ್ಥೆಗಳ ಪರೀಕ್ಷೆಗಳಿಗೆ. ಸೋರಿಕೆ ಮಾಡುವವರಿಗೆ, ಉತ್ತರ ಒದಗಿಸುವವರಿಗೆ ಅದರಲ್ಲಿ ಮೂರರಿಂದ ಐದು ವರ್ಷ ಜೈಲು, ಸಂಘಟಿತ ದಂಧೆಯಾದರೆ ಇನ್ನೂ ಜಾಸ್ತಿ. ಪರೀಕ್ಷೆ ಬರೆಯುವ ಅಭ್ಯರ್ಥಿಗೆ ಮಾತ್ರ ಆಯಾ ಸಂಸ್ಥೆಯ ನಿಯಮಗಳೇ ಅನ್ವಯ. ಪಿಎಸ್ಐ ನೇಮಕಾತಿ ಹಗರಣದ ನಂತರ ಕರ್ನಾಟಕ ತಂದ 2023ರ ಕಾಯ್ದೆ ನೇಮಕಾತಿ ಪರೀಕ್ಷೆಗಳಿಗೆ. ಬಸವನಗುಡಿಯ ಕಾಲೇಜಿನ ಎರಡನೇ ಇಂಟರ್ನಲ್ ಟೆಸ್ಟ್ ಇವೆರಡರಲ್ಲೂ ಬರುವುದಿಲ್ಲ. ಅಲ್ಲಿ ಕಾಲೇಜಿನ ನಿಯಮವೇ ಅಂತಿಮ. ಎಐ ಸಹಾಯ ಎಲ್ಲಿಯವರೆಗೆ ಸರಿ ಅಂತ ಬರೆದಿಟ್ಟಿಲ್ಲದ ಕಾಲೇಜಿನಲ್ಲಿ ಮೇಷ್ಟ್ರಿಗೊಂದು ಅಳತೆ, ಹುಡುಗರಿಗೊಂದು ಅಳತೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಅಂಕಗಳ ಹಂಚಿಕೆಯ ಮೇಲೆ. ವಿಟಿಯುನಲ್ಲಿ ಒಂದು ವಿಷಯದ ನೂರು ಅಂಕದಲ್ಲಿ ಐವತ್ತು ಕಾಲೇಜಿನ ನಿರಂತರ ಮೌಲ್ಯಮಾಪನಕ್ಕೆ ಸೇರಿದ್ದು. ಆ ಐವತ್ತರಲ್ಲಿ ಮನೆಯಿಂದ ಬರೆದು ತರುವ ಭಾಗಕ್ಕೆ ಬೆಲೆ ಕುಸಿದರೆ, ಅಂಕಗಳು ತರಗತಿಯಲ್ಲೇ ಬರೆಯುವ ಟೆಸ್ಟ್, ವೈವಾ, ಲ್ಯಾಬ್ ಕಡೆಗೆ ಸರಿಯುತ್ತವೆ. ನಕಲಿಗೆ ಇದು ಕಷ್ಟ ಕೊಡುತ್ತದೆ, ಸಂಶಯವಿಲ್ಲ. ಆದರೆ ಅರವತ್ತು ಜನರ ತರಗತಿಯಲ್ಲಿ ತಲಾ ಐದು ನಿಮಿಷ ವೈವಾ ಮಾಡಿದರೂ ಒಬ್ಬ ಪ್ರಾಧ್ಯಾಪಕರಿಗೆ ಒಟ್ಟು ಐದು ಗಂಟೆ ಬೇಕು, ಅದೂ ಒಂದು ವಿಷಯಕ್ಕೆ. ಆ ಗಂಟೆಗಳು ಎಲ್ಲಿಂದ ಬರಬೇಕು ಅನ್ನುವುದನ್ನು ಯಾರೂ ವೇಳಾಪಟ್ಟಿಯಲ್ಲಿ ಬರೆದಿಲ್ಲ. ಸಭೆಯಲ್ಲಿ ಮಾತಾಡಲು ಅಳುಕುವ, ಬರೆದು ತೋರಿಸಬಲ್ಲ ವಿದ್ಯಾರ್ಥಿಗೆ ಇದರಿಂದ ನಷ್ಟವೂ ಇದೆ.

ಎರಡನೆಯದು ಪ್ರಶ್ನೆಪತ್ರಿಕೆಯ ಮೇಲೇ ಆಗಬಹುದಾದ ಬದಲಾವಣೆ. ತಿಂಗಳ ಬದಲು ದಿನಾಂಕ, ಗಂಟೆ ಅಚ್ಚು ಹಾಕುವುದು ಖರ್ಚಿಲ್ಲದ ಕೆಲಸ. ಆನ್‌ಲೈನ್ ಕ್ವಿಜ್‌ನ ಪ್ರತಿ ಪರದೆಯ ಮೇಲೂ ಇದು ಅಂಕಕ್ಕೆ ಲೆಕ್ಕ, ಇಲ್ಲವೇ ಇದು ಅಭ್ಯಾಸಕ್ಕೆ ಅಂತ ಒಂದು ಸಾಲು ಹಾಕುವುದೂ ಅಷ್ಟೇ ಸುಲಭ. ಹೀಗೆ ಬರೆದಿದ್ದರೆ ಫೋಟೋ ನೋಡಿದ ಆ್ಯಪ್‌ಗೆ ಊಹಿಸುವ ಕೆಲಸ ತುಂಬಾ ಕಮ್ಮಿಯಾಗುತ್ತದೆ. ಅಭ್ಯಾಸದ ಹಾಳೆ ಹಾಕಿದವನನ್ನು ಸುಮ್ನೆ ಅನುಮಾನದಿಂದ ನೋಡುವುದೂ ತಪ್ಪುತ್ತದೆ.

ಆ ಸಾಲನ್ನು ಕತ್ತರಿಸಿ ಫೋಟೋ ಹಾಕಬಹುದಲ್ಲ ಅಂತ ಕೇಳಬಹುದು. ಹಾಕಬಹುದು. ಆದರೆ ಆಗ ಅವನಿಗೆ ಗೊತ್ತಿರಲಿಲ್ಲ, ಸುಮ್ಮನೆ ಹಾಕಿದ ಅನ್ನುವ ಮಾತು ಉಳಿಯುವುದಿಲ್ಲ. ಕಾಲೇಜಿನ ಮಾಲ್‌ಪ್ರಾಕ್ಟೀಸ್ ಸಮಿತಿಯ ಮುಂದೆ ಪ್ರಕರಣ ಬಂದರೆ, ತಿಳಿಯದೆ ಆದದ್ದನ್ನೂ ಬೇಕೆಂದೇ ಮಾಡಿದ್ದನ್ನೂ ಬೇರೆ ಮಾಡಲು ಆ ಕತ್ತರಿಸಿದ ಅಂಚೇ ಸಾಕ್ಷಿಯಾಗುತ್ತದೆ.